ಕೋಡಿಯ ಬುಡದಲ್ಲಿ ನೀರಿನ ವೇಗ ಎಷ್ಟು? ಚಿಂಚೋಳಿ ಕಡೆಯ ಒಂದು ಕೆರೆಯ ಪ್ರಕರಣ

ಚಿಂಚೋಳಿ ತಾಲ್ಲೂಕಿನ ಒಂದು ಕೆರೆ. ಸೆಪ್ಟೆಂಬರಿನ ಒಂದು ರಾತ್ರಿ ಸುರಿದ ಮಳೆಗೆ ಅದು ತುಂಬಿ ಕೋಡಿ ಹರಿಯಿತು. ಬೆಳಗಾಗುವಷ್ಟರಲ್ಲಿ ಕೋಡಿಯ ಬುಡದಲ್ಲಿ ಹಾಸಿದ್ದ ಶಹಾಬಾದ್ ಪರಸಿ ಕಲ್ಲುಗಳು ಕಿತ್ತುಹೋಗಿದ್ದವು. ಅವುಗಳ ಕೆಳಗಿನ ಮುರುಮ್ ಕೊಚ್ಚಿಹೋಗಿ ಆಳೆತ್ತರದ ಗುಂಡಿ ಬಿದ್ದಿತ್ತು. ಹಳ್ಳದ ಪಕ್ಕದ ತೊಗರಿ ಹೊಲದ ಒಂದು ಅಂಚೂ ನೀರಿನ ಪಾಲಾಗಿತ್ತು. ಮೂರು ವರ್ಷದ ಹಿಂದೆಯೂ ಹೀಗೆಯೇ ಆಗಿತ್ತಂತೆ. ಆಗ ಅದೇ ಜಾಗದಲ್ಲಿ ಅದೇ ದಪ್ಪದ ಪರಸಿಯನ್ನು ಮತ್ತೆ ಹಾಸಿದ್ದರು. ಈ ಸಲ ಹೊಲದ ಯಜಮಾನರು ಕಲಬುರಗಿಯ ಕಾಲೇಜಿಗೆ ಬಂದು ನನ್ನನ್ನು ಕೇಳಿದರು: "ಸರ್, ಎಷ್ಟು ದಪ್ಪದ ಕಲ್ಲು ಹಾಕಿದರೆ ನಿಲ್ಲುತ್ತದೆ?"

ಕಲ್ಲಿನ ದಪ್ಪಕ್ಕಿಂತ ಮೊದಲು ತಿಳಿಯಬೇಕಾದದ್ದು ಬುಡಕ್ಕೆ ಬರುವ ನೀರಿನ ವೇಗ ಮತ್ತು ಆಳ. ಹೈಡ್ರಾಲಿಕ್ಸ್ ತರಗತಿಯಲ್ಲಿ ನಾನು ಪ್ರತಿ ವರ್ಷ ಶಕ್ತಿ ಸಂರಕ್ಷಣೆಯಿಂದ ಈ ಲೆಕ್ಕ ಮಾಡಿಸುತ್ತೇನೆ. ಅದನ್ನು ನಿಜವಾದ ಒಂದು ಕೋಡಿಯ ಮುಂದೆ ನಿಲ್ಲಿಸಿ ನೋಡುವ ಅವಕಾಶ ಹೀಗೆ ಒದಗಿತು. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಮಾರನೆಯ ದಿನವೇ ಹೊರಟೆ. ಆಗಲೂ ಕೋಡಿಯ ಮೇಲೆ ಸ್ವಲ್ಪ ನೀರು ಹರಿಯುತ್ತಿತ್ತು, ಅದು ನಿಲ್ಲುವುದರೊಳಗೆ ನೋಡಬೇಕಿತ್ತು.

ಜಾಗದ ಅಳತೆಗಳು ಹೀಗಿವೆ. ಕೋಡಿಯ ಉದ್ದ 20 ಮೀಟರ್. ಅದರ ನೆತ್ತಿ ಚಪ್ಪಟೆ, ಸುಮಾರು 3 ಮೀಟರ್ ದಪ್ಪ. ಅಲ್ಲಿಂದ ಸಿಮೆಂಟ್ ಕಾಂಕ್ರೀಟಿನ ನುಣುಪಾದ ಜಾರುಗಾಲುವೆ ಇಳಿಯುತ್ತದೆ, 4 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿಯುವ ಓಟದಲ್ಲಿ. ನೆತ್ತಿಯಿಂದ ಬುಡದ ನೆಲಕ್ಕೆ ಒಟ್ಟು ಇಳಿತ 8 ಮೀಟರ್, ಇಳಿಜಾರಿನ ಉದ್ದಕ್ಕೆ ಅಳೆದರೆ ಕಾಲುವೆ 33 ಮೀಟರ್. ಅಗಲ ಎಲ್ಲೂ ಕಡಿಮೆಯಾಗುವುದಿಲ್ಲ, ಆದ್ದರಿಂದ ಒಂದು ಮೀಟರ್ ಅಗಲಕ್ಕೆ ಲೆಕ್ಕ ಮಾಡಿದರೆ ಸಾಕು.

ಪ್ರವಾಹ ಎಷ್ಟಿತ್ತು ಎಂಬಲ್ಲಿಯೇ ಮೊದಲ ಎಡವಟ್ಟು ಕಾದಿತ್ತು. ಆ ರಾತ್ರಿ ಕೆರೆಯ ಏರಿಯ ಮೇಲೆ ಕಂದೀಲು ಹಿಡಿದು ನಿಂತಿದ್ದ ಹಿರಿಯರೊಬ್ಬರು, "ಕೋಡಿ ಕಲ್ಲಿನ ಮೇಲೆ ಎರಡು ಅಡಿಗಿಂತ ಚೂರು ಜಾಸ್ತಿ ನೀರಿತ್ತು, ನಾನು ಕೋಲು ಇಟ್ಟು ನೋಡಿದ್ದೇನೆ" ಎಂದರು. ವಿದ್ಯಾರ್ಥಿ ಕೂಡಲೇ 0.66 ಮೀಟರ್ ಎಂದು ಬರೆದುಕೊಂಡ. ನಾನು ಕೇಳಿದೆ, "ಕಾಕಾ, ಕೋಲು ಇಟ್ಟದ್ದು ಕೋಡಿಯ ನೆತ್ತಿಯ ಮೇಲೋ, ಕೆರೆಯ ಒಳಗೋ?" ಅವರು ಕೈ ತೋರಿಸಿದ್ದು ನೆತ್ತಿಯ ಮೇಲೆಯೇ.

ಅವರ ಅಳತೆ ಸರಿಯಾಗಿಯೇ ಇತ್ತು, ಆದರೆ ಸೂತ್ರಕ್ಕೆ ಬೇಕಾದ ಎತ್ತರ ಅದಲ್ಲ. ಕೆರೆಯಲ್ಲಿ ನಿಂತ ನೀರು ನೆತ್ತಿಗೆ ಬರುವಾಗ ವೇಗ ಪಡೆಯುತ್ತದೆ, ಆ ವೇಗದ ಬೆಲೆಯನ್ನು ತನ್ನ ಎತ್ತರದಿಂದ ತೆರುತ್ತದೆ, ಮಟ್ಟ ತಗ್ಗುತ್ತದೆ. ಚಪ್ಪಟೆ ನೆತ್ತಿಯ ಮೇಲೆ ಆಳವು ಕೆರೆಯ ಮಟ್ಟದ ಸುಮಾರು ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಇದಕ್ಕೆ ಕ್ರಾಂತಿಕ ಆಳ ಎನ್ನುತ್ತಾರೆ. ಹಾಗಾದರೆ ನೆತ್ತಿಯ ಮೇಲೆ 0.66 ಮೀಟರ್ ಇದ್ದಾಗ ಕೆರೆಯಲ್ಲಿ 1 ಮೀಟರ್ ಇರಬೇಕು. ಕೋಡಿಯಿಂದ ಏಳೆಂಟು ಮೀಟರ್ ಹಿಂದೆ, ಏರಿಯ ಕಲ್ಲುಕಟ್ಟಿನ ಮೇಲೆ ಕಸಕಡ್ಡಿಯ ಗೆರೆ ಹುಡುಕಿದೆವು. ಅದು ನೆತ್ತಿಗಿಂತ ಸರಿಯಾಗಿ 1 ಮೀಟರ್ ಮೇಲಿತ್ತು. ಕಾಕಾ ಹೇಳಿದ ಅಳತೆಗೂ ಆ ಗೆರೆಗೂ ಎಷ್ಟು ಚೆನ್ನಾಗಿ ತಾಳೆಯಾಯಿತೆಂದರೆ, ಕತ್ತಲೆಯಲ್ಲಿ ಅಷ್ಟು ನಿಖರವಾಗಿ ಅಳೆದ ಆ ಕೈಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆ.

ನೆತ್ತಿಯಿಂದ ಕೆರೆಯ ಮಟ್ಟದ ಎತ್ತರ H ಆದರೆ, ಚಪ್ಪಟೆ ಕೋಡಿಗೆ ಒಂದು ಮೀಟರ್ ಅಗಲದ ಹರಿವು

q = 1.7 H^1.5

H = 1 ಮೀಟರ್ ಆದಾಗ q = 1.7, ಅಂದರೆ ಪ್ರತಿ ಮೀಟರ್ ಅಗಲಕ್ಕೆ ಸೆಕೆಂಡಿಗೆ 1.7 ಘನ ಮೀಟರ್. ಇಡೀ ಕೋಡಿಗೆ 34 ಘನ ಮೀಟರ್. ವಿದ್ಯಾರ್ಥಿ ಬರೆದುಕೊಂಡಿದ್ದ 0.66 ಅನ್ನೇ H ಎಂದು ಹಾಕಿದ್ದರೆ q ಸುಮಾರು 0.9 ಬರುತ್ತಿತ್ತು. ಅರ್ಧದಷ್ಟು ಪ್ರವಾಹ ಅಲ್ಲಿಯೇ ಕಳೆದುಹೋಗುತ್ತಿತ್ತು, ಮುಂದಿನ ಲೆಕ್ಕವೆಲ್ಲ ಅದರ ಮೇಲೆ ನಿಲ್ಲುತ್ತಿತ್ತು.

ಈಗ ಮುಖ್ಯ ಲೆಕ್ಕ. ಬುಡದ ನೆಲವನ್ನು ಸೊನ್ನೆ ಎಂದು ಇಟ್ಟುಕೊಳ್ಳೋಣ. ಕೆರೆಯ ನೀರಿನ ಮೇಲ್ಮೈ ಅದಕ್ಕಿಂತ 8 + 1 = 9 ಮೀಟರ್ ಎತ್ತರದಲ್ಲಿದೆ ಮತ್ತು ಅಲ್ಲಿ ನೀರು ಹೆಚ್ಚುಕಡಿಮೆ ನಿಂತಿದೆ. ದಾರಿಯಲ್ಲಿ ಏನೂ ನಷ್ಟವಾಗದಿದ್ದರೆ ಬುಡದಲ್ಲಿಯೂ ಅದೇ 9 ಮೀಟರ್ ಇರಬೇಕು. ಒಂದು ಭಾಗ ಆಳ y ಆಗಿ, ಉಳಿದದ್ದು ವೇಗ v ಆಗಿ; g ಎಂಬುದು ಗುರುತ್ವ ವೇಗೋತ್ಕರ್ಷ:

y + v²/(2g) = 9

ಹರಿದು ಬಂದ ನೀರೆಲ್ಲ ಬುಡವನ್ನು ದಾಟಲೇಬೇಕಾದ್ದರಿಂದ v = q/y. ಅದನ್ನು ಹಾಕಿದರೆ ಗೊತ್ತಿಲ್ಲದ್ದು y ಒಂದೇ:

y + 0.1473/y² = 9

ಕಾರಿನ ಬಾನೆಟ್ಟಿನ ಮೇಲೆ ನೋಟ್‌ಬುಕ್ ಇಟ್ಟುಕೊಂಡು ವಿದ್ಯಾರ್ಥಿನಿ ಲೆಕ್ಕ ಮಾಡಿದಳು. ಸ್ವಲ್ಪ ಹೊತ್ತಿನ ನಂತರ ಗಾಬರಿಯಿಂದ, "ಸರ್, ಆಳ ಒಂಬತ್ತು ಮೀಟರ್ ಬರುತ್ತಿದೆ" ಎಂದಳು. ಆಕೆ ಸಮೀಕರಣವನ್ನು y = 9 − 0.1473/y² ಎಂದು ಬರೆದು, ಒಂದು ಊಹೆಯನ್ನು ಹಾಕಿ, ಬಂದ ಉತ್ತರವನ್ನು ಮತ್ತೆ ಹಾಕುತ್ತ ಹೋಗಿದ್ದಳು. ಅದು 8.998 ಮೀಟರಿಗೆ ಬಂದು ನಿಂತಿತ್ತು.

ಆಕೆಯ ಗಣಿತದಲ್ಲಿ ತಪ್ಪಿಲ್ಲ. ಈ ಸಮೀಕರಣ ಘನ ಸಮೀಕರಣ, ಅದಕ್ಕೆ ಮೂರು ಉತ್ತರಗಳಿವೆ. ಒಂದು ಋಣಾತ್ಮಕ, ಅದಕ್ಕೆ ಅರ್ಥವಿಲ್ಲ. ಇನ್ನೊಂದು 8.998, ಅಂದರೆ ಸುಮಾರು 9 ಮೀಟರ್ ಆಳದ ನೀರು ಸೆಕೆಂಡಿಗೆ 19 ಸೆಂಟಿಮೀಟರಿನಂತೆ ತೆವಳುವ ಸ್ಥಿತಿ. ಕೆರೆಯನ್ನೇ ಬುಡದ ತನಕ ಎಳೆದು ತಂದಂತೆ. ಶಕ್ತಿಯ ಸಮೀಕರಣಕ್ಕೆ ಶಕ್ತಿ ಎಷ್ಟು ಎಂಬುದು ಗೊತ್ತು, ನೀರು ಯಾವ ದಾರಿಯಲ್ಲಿ ಬಂತು ಎಂಬುದು ಗೊತ್ತಿಲ್ಲ. ದಾರಿಯನ್ನು ನಾವು ಹೇಳಬೇಕು. ನೆತ್ತಿಯ ಮೇಲೆ ನೀರು ಕ್ರಾಂತಿಕ ಆಳವನ್ನು ದಾಟಿ ಕಡಿದಾದ ಇಳಿಜಾರಿಗೆ ಬಿದ್ದಿದೆ, ಅಲ್ಲಿಂದ ಮುಂದೆ ತೆಳುವಾಗುತ್ತ ವೇಗವಾಗುತ್ತಲೇ ಹೋಗುತ್ತದೆ. ಹೀಗಾಗಿ ನಮಗೆ ಬೇಕಾದದ್ದು ಕ್ರಾಂತಿಕ ಆಳಕ್ಕಿಂತ, ಅಂದರೆ 0.66 ಮೀಟರಿಗಿಂತ, ಕಡಿಮೆ ಇರುವ ಉತ್ತರ. ಅದನ್ನು ಪಡೆಯಲು ಸಮೀಕರಣವನ್ನು ಬೇರೆ ರೀತಿ ತಿರುವಬೇಕು:

y = √( 0.1473 / (9 − y) )

ಮೊದಲು ಬಲಗಡೆ y = 0 ಇಟ್ಟರೆ 0.128. ಅದನ್ನೇ ಮತ್ತೆ ಹಾಕಿದರೆ 0.129. ಮೂರನೆಯ ಸಲ ಬದಲಾಗುವುದೇ ಇಲ್ಲ. ಆಳ 12.9 ಸೆಂಟಿಮೀಟರ್, ವೇಗ 1.7/0.129, ಅಂದರೆ ಸೆಕೆಂಡಿಗೆ 13.2 ಮೀಟರ್. ಗಂಟೆಗೆ ನಲವತ್ತೇಳು ಕಿಲೋಮೀಟರಿನ ಮೇಲೆ. ನೆತ್ತಿಯ ಮೇಲೆ ಸೆಕೆಂಡಿಗೆ ಎರಡೂವರೆ ಮೀಟರಿನಲ್ಲಿ ಹೊರಟ ನೀರು ಇದು.

ತರಗತಿಯಲ್ಲಿ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಕೆಳಗೆ ಎರಡು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆದರೆ ನಮ್ಮ ಮುಂದೆ ನೀರು ಇನ್ನೂ ಹರಿಯುತ್ತಿತ್ತು, ಅದನ್ನು ಕೇಳದೆ ಹೋಗಲು ನನಗೆ ಮನಸ್ಸು ಬರಲಿಲ್ಲ.

ಆ ದಿನ ಕೆರೆಯ ಮಟ್ಟ ನೆತ್ತಿಗಿಂತ 30 ಸೆಂಟಿಮೀಟರ್ ಮೇಲಿತ್ತು. ಅದೇ ಲೆಕ್ಕವನ್ನು ಅದಕ್ಕೂ ಮಾಡಿದೆವು. q = 0.28, ಒಟ್ಟು ಎತ್ತರ 8.3 ಮೀಟರ್. ಬುಡದಲ್ಲಿ ವೇಗ 12.7 ಮೀಟರ್, ಆಳ 2.2 ಸೆಂಟಿಮೀಟರ್ ಎಂದು ಬಂತು. ಕಾಲುವೆಯ ಕೊನೆಯ 10 ಮೀಟರ್ ದಾಟಲು ಆ ವೇಗದ ನೀರಿಗೆ 1 ಸೆಕೆಂಡೂ ಬೇಕಾಗಬಾರದು. ಪಕ್ಕದ ಗೋಡೆಯ ಮೇಲೆ 10 ಮೀಟರ್ ದೂರಕ್ಕೆ ಎರಡು ಸುಣ್ಣದ ಗುರುತು ಹಾಕಿದೆವು. ಒಬ್ಬ ಮೇಲಿನಿಂದ ನಿಂಬೆಹಣ್ಣು ಬಿಟ್ಟ, ಇನ್ನೊಬ್ಬಳು ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿದಳು. ಆರು ಹಣ್ಣು ಬಿಟ್ಟೆವು, ಎಲ್ಲಕ್ಕೂ 2 ಸೆಕೆಂಡಿನ ಆಸುಪಾಸು. ಅಂದರೆ ಸೆಕೆಂಡಿಗೆ 5 ಮೀಟರ್. ಲೆಕ್ಕ ಹೇಳಿದ್ದರ ಅರ್ಧವೂ ಇಲ್ಲ!

ಎತ್ತರದಲ್ಲಿ ಹೇಳುವುದಾದರೆ ಇನ್ನೂ ಕಣ್ಣಿಗೆ ಕಟ್ಟುತ್ತದೆ. 5 ಮೀಟರ್ ವೇಗಕ್ಕೆ v²/(2g) ಸುಮಾರು 1.3 ಮೀಟರ್. 8.3 ಮೀಟರಿನ ಶಕ್ತಿ ಹೊತ್ತು ಹೊರಟ ನೀರು ಬುಡ ಮುಟ್ಟುವಾಗ ಅದರಲ್ಲಿ ಆರನೆಯ ಒಂದು ಪಾಲನ್ನಷ್ಟೇ ಉಳಿಸಿಕೊಂಡಿತ್ತು. ಉಳಿದದ್ದನ್ನು ನುಣುಪಾಗಿದೆ ಎಂದು ನಾವು ನಂಬಿದ್ದ ಕಾಂಕ್ರೀಟು ನುಂಗಿತ್ತು.

ಎಲ್ಲಿ ನುಂಗಿತು ಎಂಬುದನ್ನೂ ನೀರೇ ತೋರಿಸುತ್ತಿತ್ತು. ನೆತ್ತಿಯಿಂದ ಸುಮಾರು 6 ಮೀಟರ್ ತನಕ ನೀರು ಗಾಜಿನಂತಿತ್ತು, ಕೆಳಗಿನ ಕಾಂಕ್ರೀಟಿನ ಬಿರುಕು ಕೂಡ ಕಾಣುತ್ತಿತ್ತು. ಅಲ್ಲಿಂದ ಮುಂದೆ ಒಮ್ಮೆಗೇ ಬಿಳಿಯಾಗಿ, ಒರಟಾಗಿ, ಸದ್ದು ಮಾಡುತ್ತ ಹರಿಯುತ್ತಿತ್ತು. ತಳಕ್ಕೆ ತಾಗಿದ ನೀರು ತಡೆಯಲ್ಪಡುತ್ತದೆ, ಆ ತಡೆ ಮೇಲಿನ ಪದರಗಳಿಗೆ ಹರಡುತ್ತ ಹೋಗುತ್ತದೆ. ಹೀಗೆ ದಪ್ಪವಾಗುವ ಗಡಿ ಪದರ ಮೇಲ್ಮೈಯನ್ನು ಮುಟ್ಟಿದ ಜಾಗದಲ್ಲಿ ಕದಡು ಹೊರಬಿದ್ದು ಗಾಳಿಯನ್ನು ಒಳಗೆಳೆಯುತ್ತದೆ, ನೀರು ಬೆಳ್ಳಗಾಗುತ್ತದೆ. ಗಾಜಿನಂತಿರುವ ಭಾಗದಲ್ಲಿ ಗಡಿ ಪದರದ ಮೇಲಿರುವ ನೀರಿಗೆ ಘರ್ಷಣೆಯ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ, ಅದಕ್ಕೆ ಶಕ್ತಿ ಸಂರಕ್ಷಣೆ ಚೆನ್ನಾಗಿ ಒಪ್ಪುತ್ತದೆ. ಬಿಳಿ ಗೆರೆಯಿಂದ ಕೆಳಗೆ ಇಡೀ ಆಳವೂ ಘರ್ಷಣೆಯ ಹಿಡಿತದಲ್ಲಿರುತ್ತದೆ. ಆದ್ದರಿಂದ ಕೋಡಿ ಹರಿಯುವಾಗ ಏರಿಯ ಮೇಲೆ ನಿಂತು ಬಿಳಿ ಎಲ್ಲಿ ಶುರುವಾಗುತ್ತದೆ ಎಂದು ನೋಡಿದರೆ, ಈ ಲೆಕ್ಕವನ್ನು ಎಷ್ಟು ದೂರ ನಂಬಬಹುದು ಎಂಬುದು ಒಂದು ಅಳತೆಯೂ ಇಲ್ಲದೆ ತಿಳಿಯುತ್ತದೆ. ಬುಡದ ತನಕ ಗಾಜಿನಂತಿದ್ದರೆ ಬಹುಮಟ್ಟಿಗೆ ನಂಬಿ. ಕಾಲುವೆಯ ಐದರಲ್ಲಿ ನಾಲ್ಕು ಪಾಲು ಬೆಳ್ಳಗಿದ್ದರೆ, ನಮ್ಮ ನಿಂಬೆಹಣ್ಣು ಹೇಳಿದಂತೆಯೇ ಆಗುತ್ತದೆ.

ತೆಳು ನೀರಿನಲ್ಲಿ ಹೀಗಾದರೆ ಪ್ರವಾಹದ ರಾತ್ರಿ ಏನಾಗಿತ್ತು? ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಮಾಡಿದೆವು. ಕಾಲುವೆಯನ್ನು ಸಣ್ಣ ಸಣ್ಣ ತುಂಡುಗಳಾಗಿಸಿ, ಪ್ರತಿ ತುಂಡಿನಲ್ಲಿ ಇಳಿತದಿಂದ ಬಂದ ಶಕ್ತಿಯಿಂದ ಮ್ಯಾನಿಂಗ್ ಸೂತ್ರದ ಘರ್ಷಣಾ ನಷ್ಟವನ್ನು ಕಳೆಯುತ್ತ ಬುಡದ ತನಕ ಬರಬೇಕು. ಆ ಸೂತ್ರದಲ್ಲಿ ತಳದ ಒರಟುತನವನ್ನು ಹೇಳುವ ಅಂಕಿ n, ನುಣುಪು ಕಾಂಕ್ರೀಟಿಗೆ n = 0.014 ಹಿಡಿದೆವು. ಮೊದಲು ಇದೇ n ಅನ್ನು 30 ಸೆಂಟಿಮೀಟರ್ ಮಟ್ಟದ ಹರಿವಿಗೆ ಹಾಕಿದಾಗ ಸೆಕೆಂಡಿಗೆ 5.1 ಮೀಟರ್ ಬಂತು. ನಿಂಬೆಹಣ್ಣಿಗೆ ಒಪ್ಪಿತು, ಹಾಗಾಗಿ ಧೈರ್ಯವಾಗಿ ಮುಂದುವರಿದೆವು. ಪ್ರವಾಹದ ರಾತ್ರಿಗೆ ಬಂದ ಉತ್ತರ: ಬುಡದಲ್ಲಿ ವೇಗ ಸೆಕೆಂಡಿಗೆ 9.9 ಮೀಟರ್, ಆಳ 17 ಸೆಂಟಿಮೀಟರ್. 9 ಮೀಟರ್ ಶಕ್ತಿಯಲ್ಲಿ ಉಳಿದದ್ದು 5.2.

ವೇಗದಲ್ಲಿ ಕಾಲು ಭಾಗದ ವ್ಯತ್ಯಾಸ. ಇಲ್ಲಿಗೆ ವಿದ್ಯಾರ್ಥಿಗಳಿಬ್ಬರೂ ಶಕ್ತಿ ಸಂರಕ್ಷಣೆಯ ಲೆಕ್ಕವನ್ನೇ ಕೈಬಿಡಲು ಸಿದ್ಧರಾಗಿದ್ದರು. ಅದೂ ಸರಿಯಲ್ಲ. ಇದೇ ಕಾಲುವೆಯ ಮೇಲೆ ಕೆರೆಯ ಮಟ್ಟ 3 ಮೀಟರ್ ಏರಿತು ಎಂದುಕೊಂಡು ಎರಡೂ ಲೆಕ್ಕಗಳನ್ನು ಮತ್ತೆ ಮಾಡಿಸಿದೆ. ಶಕ್ತಿಯ ಲೆಕ್ಕ 14.3 ಹೇಳಿದರೆ, ಘರ್ಷಣೆ ಸೇರಿಸಿದ ಲೆಕ್ಕ 13.5 ಹೇಳಿತು. ವ್ಯತ್ಯಾಸ ನೂರಕ್ಕೆ ಐದರಷ್ಟು ಮಾತ್ರ. ಕಾಂಕ್ರೀಟು ಬದಲಾಗಲಿಲ್ಲ, ನೀರಿನ ದಪ್ಪ ಬದಲಾಯಿತು. ಶಹಾಬಾದ್ ಪರಸಿಯ ನೆಲಕ್ಕೆ ಒಂದು ಚೊಂಬು ನೀರು ಸುರಿದರೆ ಅದು ಹರಡಿ ತೆವಳುತ್ತದೆ, ಒಂದು ಕೊಡ ಸುರಿದರೆ ಬಾಗಿಲ ತನಕ ಓಡುತ್ತದೆ. ತಳದ ತಡೆ ಎರಡಕ್ಕೂ ಇದೆ, ಅದನ್ನು ಹಂಚಿಕೊಳ್ಳುವ ನೀರು ಎಷ್ಟಿದೆ ಎಂಬುದೇ ಮುಖ್ಯ. ನುಣುಪು ಎಂಬುದು ಕಾಂಕ್ರೀಟೊಂದರ ಗುಣವಲ್ಲ. ನೀರಿನ ದಪ್ಪ ಮತ್ತು ಕಾಲುವೆಯ ಉದ್ದ ಸೇರಿ ಅದನ್ನು ನಿರ್ಧರಿಸುತ್ತವೆ. ಎತ್ತರದ ಅಣೆಕಟ್ಟಿನ ಕಡಿದಾದ, ಮೋಟಾದ ಮುಖದ ಮೇಲೆ ದಪ್ಪ ನೀರು ಬೀಳುವಾಗ ಈ ಲೆಕ್ಕ ಬಹಳ ಹತ್ತಿರ ಬರುತ್ತದೆ. ನಮ್ಮ ಕಡೆಯ ಸಣ್ಣ ಕೆರೆಗಳ ಉದ್ದನೆಯ ಜಾರುಗಾಲುವೆಯಲ್ಲಿ ದೂರ ಹೋಗುತ್ತದೆ.

ನೀರು ನಿಂತ ಮೇಲೆ ಇನ್ನೊಮ್ಮೆ ಹೋಗಿ ಬುಡದ ಪಕ್ಕದ ಗೋಡೆಯ ಮೇಲೆ ಮಣ್ಣಿನ ಗೆರೆ ಅಳೆದೆವು. ಅದು ನೆಲದಿಂದ 22 ಸೆಂಟಿಮೀಟರ್ ಎತ್ತರದಲ್ಲಿತ್ತು. ಲೆಕ್ಕದ 17ಕ್ಕೆ ಗಾಳಿಯ ಗುಳ್ಳೆಗಳ ಉಬ್ಬು ಮತ್ತು ಅಲೆ ಸೇರಿದರೆ ಅಷ್ಟಾಗುತ್ತದೆ. 12.9ಕ್ಕೆ ಯಾವ ರೀತಿಯಲ್ಲೂ ಹೊಂದುವುದಿಲ್ಲ.

ಇನ್ನು ಪರಸಿ ಕಲ್ಲು. 4 ಸೆಂಟಿಮೀಟರ್ ದಪ್ಪದ ಸುಣ್ಣಕಲ್ಲಿನ ಪರಸಿಯನ್ನು ನೀರಿನಲ್ಲಿ ಮುಳುಗಿಸಿದರೆ, ಉಳಿಯುವ ತೂಕ ಸುಮಾರು 6 ಸೆಂಟಿಮೀಟರ್ ನೀರಿನ ಒತ್ತಡಕ್ಕೆ ಸಮ. ಅದರ ಮೇಲೆ ಸೆಕೆಂಡಿಗೆ 9.9 ಮೀಟರಿನಲ್ಲಿ ನೀರು ಹೋಗುತ್ತಿದೆ. ಆ ನೀರು ಎತ್ತಿ ನಿಂತ ಒಂದು ಕಲ್ಲಿನ ಅಂಚಿಗೆ ಬಡಿದು ಸಂದಿನೊಳಗೆ ನಿಂತರೆ, ಅದರ ಚಲನಶಕ್ತಿ 5 ಮೀಟರ್ ನೀರಿನ ಒತ್ತಡವಾಗಿ ಕಲ್ಲಿನ ಕೆಳಗೆ ಹರಡುತ್ತದೆ. ಹತ್ತರಲ್ಲಿ ಒಂದು ಪಾಲು ಒಳಗೆ ಹೋದರೂ 50 ಸೆಂಟಿಮೀಟರ್, ಕಲ್ಲಿನ ತೂಕದ ಎಂಟು ಪಟ್ಟು. ಮೊದಲ ಕಲ್ಲು ಎದ್ದರೆ ಹಿಂದಿನದರ ಅಂಚು ತೆರೆದುಕೊಳ್ಳುತ್ತದೆ, ಆಮೇಲೆ ಸಾಲೇ ಏಳುತ್ತದೆ. ದಪ್ಪವನ್ನು ಎರಡು ಪಟ್ಟು ಮಾಡಿದರೂ ಈ ಲೆಕ್ಕದಲ್ಲಿ ಗೆಲ್ಲುವುದಿಲ್ಲ. ಹೊಲದ ಯಜಮಾನರಿಗೆ ಇದನ್ನು ಹೇಳುವಾಗ ನನಗೆ ನಿಜವಾಗಿಯೂ ಸಂಕಟವಾಯಿತು. ಎರಡು ಸಲವೂ ಅವರು ಊರವರಿಂದ ಹಣ ಕೂಡಿಸಿ ಕಲ್ಲು ತರಿಸಿದ್ದರು.

ಬೇಕಾದದ್ದು ಆ ವೇಗವನ್ನು ಕಾಂಕ್ರೀಟಿನ ತೊಟ್ಟಿಯೊಳಗೇ ಕೊಲ್ಲುವುದು. ತೆಳುವಾದ ವೇಗದ ನೀರು ಒಮ್ಮೆಗೇ ದಪ್ಪವಾಗಿ ನಿಧಾನವಾಗುವ ಹೈಡ್ರಾಲಿಕ್ ಜಂಪ್ ಅಲ್ಲಿ ಏಳಬೇಕು. ಅದು ಏಳಬೇಕಾದರೆ ಹಳ್ಳದಲ್ಲಿ ಸಾಕಷ್ಟು ಆಳದ ನೀರು ಹಿಂದಿನಿಂದ ಒತ್ತಿ ನಿಂತಿರಬೇಕು. 9.9 ಮೀಟರ್ ವೇಗಕ್ಕೆ ಬೇಕಾದ ಆಳ 1.77 ಮೀಟರ್, 13.2 ಮೀಟರಿಗೆ 2.07. ಪೊದೆಗಳಿಗೆ ಸಿಕ್ಕಿಕೊಂಡ ಕಸದ ಗೆರೆ ನೋಡಿದರೆ ಆ ರಾತ್ರಿ ಹಳ್ಳದಲ್ಲಿದ್ದದ್ದು 1.1 ಮೀಟರ್ ಮಾತ್ರ. ಜಂಪ್ ಬುಡದಲ್ಲಿ ನಿಲ್ಲದೆ ಕೆಳಕ್ಕೆ ತಳ್ಳಲ್ಪಟ್ಟಿತು, ಪರಸಿ ಮತ್ತು ಮುರುಮ್ ಪೂರ್ತಿ ವೇಗಕ್ಕೆ ಸಿಕ್ಕವು.

ಇಲ್ಲಿ ಒಂದು ಸಂಗತಿ ಗಮನಿಸುವಂಥದ್ದು. ವೇಗದಲ್ಲಿ ಕಾಲು ಭಾಗ ತಪ್ಪಿದ ಲೆಕ್ಕ, ಜಂಪಿಗೆ ಬೇಕಾದ ಆಳದಲ್ಲಿ ತಪ್ಪಿದ್ದು 30 ಸೆಂಟಿಮೀಟರ್ ಮಾತ್ರ. ಆ ಆಳ ವೇಗದ ವರ್ಗಮೂಲದಂತೆ ಬೆಳೆಯುವುದರಿಂದ ತಪ್ಪು ಅಲ್ಲಿ ಕುಗ್ಗುತ್ತದೆ. ಜೊತೆಗೆ ಅದು ಹೆಚ್ಚಿನ ಕಡೆಗೇ ತಪ್ಪುತ್ತದೆ. ನೆಲ ತಗ್ಗಿದಷ್ಟೂ ನೀರು ಇನ್ನಷ್ಟು ಇಳಿದು ವೇಗ ಪಡೆಯುವುದನ್ನೂ ಸೇರಿಸಿದರೆ, ಘರ್ಷಣೆಯ ಲೆಕ್ಕದಂತೆ ತೊಟ್ಟಿಯ ನೆಲವನ್ನು 80 ಸೆಂಟಿಮೀಟರ್ ತಗ್ಗಿಸಬೇಕು, ಶಕ್ತಿಯ ಲೆಕ್ಕದಂತೆ 1.05 ಮೀಟರ್. ನಾವು 1.05 ಎಂದೇ ಬರೆದೆವು. ಇಪ್ಪತ್ತೈದು ಸೆಂಟಿಮೀಟರ್ ಹೆಚ್ಚು ಅಗೆದರೆ ಆಗುವ ಖರ್ಚು ಸಣ್ಣದು, ಜಂಪ್ ತೊಟ್ಟಿಯಿಂದ ಹೊರಹೋದರೆ ಆಗುವ ನಷ್ಟ ಇನ್ನೊಂದು ತೊಗರಿ ಹೊಲ.

ಆದರೆ ಅದೇ ಲೆಕ್ಕ ಪಕ್ಕದ ಗೋಡೆಯ ವಿಷಯದಲ್ಲಿ ಅಪಾಯದ ಕಡೆಗೆ ತಪ್ಪುತ್ತದೆ. ಕೆಲಸ ವಹಿಸಿಕೊಳ್ಳಲು ಬಂದಿದ್ದ ಗುತ್ತಿಗೆದಾರರೊಬ್ಬರು ನಮ್ಮ ಮೊದಲ ಪುಟ ನೋಡಿ, "13 ಸೆಂಟಿಮೀಟರ್ ನೀರಿಗೆ 30 ಸೆಂಟಿಮೀಟರ್ ಗೋಡೆ ಸಾಕಲ್ಲ ಸರ್" ಎಂದರು. ಶಕ್ತಿಯ ಲೆಕ್ಕ ವೇಗವನ್ನು ಹೆಚ್ಚು ಹೇಳುವಾಗಲೆಲ್ಲ ಆಳವನ್ನು ಕಡಿಮೆ ಹೇಳುತ್ತದೆ, ಏಕೆಂದರೆ ಎರಡರ ಗುಣಲಬ್ಧ 1.7 ಆಗಲೇಬೇಕು. ಗೋಡೆಯ ಮೇಲೆ 22ರ ಗೆರೆ ಕಣ್ಣೆದುರಿಗೇ ಇತ್ತು. ಅಂಥ ವೇಗದ ನೀರು ಗೋಡೆಯನ್ನು ಹಾರಿದರೆ ಹೊರಗಿನ ಮಣ್ಣು ಕೊರೆದು ಕಾಲುವೆಯನ್ನೇ ಬುಡಮೇಲು ಮಾಡುತ್ತದೆ. ಅಮೆರಿಕದ ಬ್ಯೂರೋ ಆಫ್ ರೆಕ್ಲಮೇಶನ್ ಚ್ಯೂಟ್‌ಗಳಿಗೆ ಬಳಸುವ ಸೂತ್ರದಂತೆ ನೀರಿನ ಮೇಲೆ ಬಿಡಬೇಕಾದ ಗೋಡೆಯ ಎತ್ತರ

0.61 + 0.037 v ∛y

ಘರ್ಷಣೆಯ ಲೆಕ್ಕದ 9.9 ಮತ್ತು 0.17 ಹಾಕಿದರೆ ಸುಮಾರು 0.8 ಮೀಟರ್. ನೀರಿನ 17 ಸೆಂಟಿಮೀಟರ್ ಸೇರಿಸಿ ಗೋಡೆ 1 ಮೀಟರ್ ಎಂದು ನಿರ್ಧರಿಸಿದೆವು.

ಹೀಗೆ ಒಂದೇ ನಕ್ಷೆಯಲ್ಲಿ ತೊಟ್ಟಿಯ ಆಳಕ್ಕೆ ಘರ್ಷಣೆಯಿಲ್ಲದ ಲೆಕ್ಕ, ಗೋಡೆಯ ಎತ್ತರಕ್ಕೆ ಘರ್ಷಣೆಯ ಲೆಕ್ಕ ಕುಳಿತವು. ವಿದ್ಯಾರ್ಥಿನಿ ನಕ್ಷೆಯ ಮೂಲೆಯಲ್ಲಿ ಯಾವ ಅಳತೆ ಯಾವ ಲೆಕ್ಕದಿಂದ ಬಂತು ಎಂದು ಬರೆದಿದ್ದಾಳೆ. ಮುಂದಿನ ಮಳೆಗಾಲದಲ್ಲಿ ಕೋಡಿ ಬಿದ್ದಾಗ ಕಾಕಾ ಫೋನ್ ಮಾಡುವುದಾಗಿ ಹೇಳಿದ್ದಾರೆ. ಸುಣ್ಣದ ಗುರುತುಗಳನ್ನು ಈ ಸಲ ಬಣ್ಣದಲ್ಲಿ ಬರೆದು ಬಂದಿದ್ದೇವೆ. ಮಟ್ಟ ಅರ್ಧ ಮೀಟರ್ ದಾಟಿದ ದಿನ ನಿಂಬೆಹಣ್ಣು ಅವುಗಳ ನಡುವೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಬಿಳಿ ಗೆರೆ ಎಷ್ಟು ಕೆಳಗೆ ಸರಿಯುತ್ತದೆ ಎಂಬುದನ್ನು ನೋಡುವುದು ಬಾಕಿ ಇದೆ.